ಒಂದೇ ಹಾಳೆಯಲ್ಲಿ ಮೂರು ಬಜೆಟ್

ಮಾರ್ಚ್ ಬಂತೆಂದರೆ ಸಣ್ಣ ಕಂಪನಿಗಳ ಅಕೌಂಟ್ಸ್ ಕೋಣೆಯಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಮುಂದಿನ ವರ್ಷದ ಬಜೆಟ್ ತಯಾರಾಗಿರುತ್ತದೆ. ಅಷ್ಟರಲ್ಲಿ ಮಾಲೀಕರು, "ಒಂದೇ ಲೆಕ್ಕ ಕೊಟ್ಟರೆ ಹೇಗೆ? ಕೆಟ್ಟರೆ ಎಷ್ಟು, ಚೆನ್ನಾಗಾದರೆ ಎಷ್ಟು ಅನ್ನೋದನ್ನೂ ಹಾಕಿ" ಎನ್ನುತ್ತಾರೆ. ಅಕೌಂಟೆಂಟ್ ಎಕ್ಸೆಲ್ ತೆರೆದು, ಇದ್ದ ಬಜೆಟ್ಟಿನ ಎಡಕ್ಕೊಂದು, ಬಲಕ್ಕೊಂದು ಕಾಲಂ ಸೇರಿಸುತ್ತಾರೆ. ಎಡಗಡೆಯದು 0.9ರಿಂದ ಗುಣಿಸಿದ್ದು, ಬಲಗಡೆಯದು 1.1ರಿಂದ ಗುಣಿಸಿದ್ದು. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮೀಟಿಂಗಿನಲ್ಲಿ ಹಾಳೆ ಹಂಚುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಚಹಾ ಬರುತ್ತದೆ.

ಆ ಹಾಳೆಯಿಂದ ಯಾರಿಗೂ ಹೊಸದಾಗಿ ಏನೂ ತಿಳಿದಿರುವುದಿಲ್ಲ. ಎಲ್ಲ ಸಾಲನ್ನೂ ಹತ್ತು ಶೇಕಡ ಇಳಿಸಿದರೆ ಲಾಭವೂ ಹತ್ತೇ ಶೇಕಡ ಇಳಿಯುತ್ತದೆ. ನಿಜವಾದ ವ್ಯಾಪಾರದಲ್ಲಿ ಹಾಗಾಗುವುದಿಲ್ಲ. ಮಾರಾಟ ಹತ್ತು ಶೇಕಡ ಬಿದ್ದರೆ ಬಾಡಿಗೆ ಹತ್ತು ಶೇಕಡ ಕಡಿಮೆ ಮಾಡಿಕೊಳ್ಳುವ ಕಟ್ಟಡದ ಯಜಮಾನ ಎಲ್ಲಿದ್ದಾನೆ?

ಮೂರು ಕಾಲಮ್ಮಿನ ಬಜೆಟ್ ಹೇಗಿರಬೇಕು ಎಂದು ನೋಡಲು ನಮ್ಮ ನೆಲದ್ದೇ ಒಂದು ವ್ಯಾಪಾರ ತೆಗೆದುಕೊಳ್ಳೋಣ. ಹಾಸನದ ಕಡೆ, ಅಣ್ಣ, ತಮ್ಮ, ಅಕ್ಕ ಸೇರಿ ನಡೆಸುವ ಒಂದು ಕಾಫಿಪುಡಿ ಘಟಕ. ಬೀಜ ಕೊಂಡು, ಹುರಿದು, ಚಿಕೋರಿ ಬೆರೆಸಿ, ಪುಡಿ ಮಾಡಿ, ಸುತ್ತಲಿನ ಜಿಲ್ಲೆಗಳ ಅಂಗಡಿಗಳಿಗೆ ಪಾಕೆಟ್ಟಿನಲ್ಲಿ ಕಳಿಸುತ್ತಾರೆ. ಇದು ಲೆಕ್ಕಕ್ಕಾಗಿ ಕಟ್ಟಿಕೊಂಡ ಉದಾಹರಣೆ, ಅಂಕಿಗಳನ್ನೂ ದುಂಡಗೆ ಮಾಡಿಕೊಂಡಿದ್ದೇನೆ. ಆದರೆ ಲೆಕ್ಕ ನಡೆಯುವ ರೀತಿ ಇಂಥ ಯಾವ ಘಟಕದಲ್ಲಾದರೂ ಇದೇ.

ಕಾಫಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ದೇಶದ ಕಾಫಿಯಲ್ಲಿ ಸುಮಾರು 70 ಶೇಕಡ ಕರ್ನಾಟಕದ ತೋಟಗಳದ್ದು. ಆದರೂ ಅದರ ಬೆಲೆ ಇಲ್ಲಿ ಹುಟ್ಟುವುದಿಲ್ಲ. ಹಿಂದೆ ಬೆಳೆಗಾರರು ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸುತ್ತಿದ್ದ ಕಾಲವಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು ಮಾರುಕಟ್ಟೆ ತೆರೆದುಕೊಂಡಿತು. ಅಲ್ಲಿಂದೀಚೆಗೆ ರೋಬಸ್ಟಾ ಬೆಲೆಗೆ ಲಂಡನ್ನಿನ ವಾಯಿದೆ ಪೇಟೆ, ಅರೇಬಿಕಾಗೆ ನ್ಯೂಯಾರ್ಕಿನದು ದಿಕ್ಕು ತೋರಿಸುತ್ತವೆ. ವಿಯೆಟ್ನಾಂನಲ್ಲಿ ಬರ ಬಿದ್ದು, ಬ್ರೆಜಿಲ್‌ನಲ್ಲೂ ಮಳೆ ಕೈಕೊಟ್ಟು, 2024ರಲ್ಲಿ ಲಂಡನ್ನಿನ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಸಕಲೇಶಪುರದ ಬೆಳೆಗಾರನಿಗೆ ಅದು ಹಬ್ಬ. ಅವನ ಬೀಜ ಕೊಂಡು ಪುಡಿ ಮಾರುವವನಿಗೆ ಅದೇ ತಲೆನೋವು. ಬಜೆಟ್ಟಿನ ಒಂದೇ ಅಂಕಿಯನ್ನು ನೆಚ್ಚಿ ಕೂರಲಾಗದ ವ್ಯಾಪಾರ ಇದು.

ಬೇರೆ ಏನನ್ನೂ ಬರೆಯುವ ಮೊದಲು, ಈ ವ್ಯಾಪಾರದಲ್ಲಿ ಲಾಭವನ್ನು ಅಲುಗಾಡಿಸುವ ಸಂಗತಿಗಳು ಯಾವುವು ಎಂದು ಹುಡುಕಬೇಕು. ಇಂಥವು ಹತ್ತಿಪ್ಪತ್ತು ಸಿಗುತ್ತವೆ. ಡೀಸೆಲ್, ಕರೆಂಟು, ಪಾಕೆಟ್ಟಿನ ಫಿಲ್ಮು, ಕೂಲಿ, ಹೀಗೆ ಪಟ್ಟಿ ಬೆಳೆಯುತ್ತದೆ. ಆದರೆ ಒಂದೊಂದನ್ನೇ ಹತ್ತು ಶೇಕಡ ಮೇಲೆ ಕೆಳಗೆ ಮಾಡಿ ಲಾಭ ಎಷ್ಟು ಕದಲುತ್ತದೆ ಎಂದು ನೋಡಿದರೆ ಮೂರೇ ಮೂರು ಉಳಿಯುತ್ತವೆ. ಹುರಿಯದ ಬೀಜದ ಬೆಲೆ, ವರ್ಷಕ್ಕೆ ಮಾರುವ ಪುಡಿಯ ತೂಕ, ಪುಡಿಯ ಮಾರಾಟ ಬೆಲೆ. ಕರೆಂಟು ಬಿಲ್ಲು ಹತ್ತು ಶೇಕಡ ಏರಿದರೆ ಬೈದುಕೊಂಡು ಕಟ್ಟಬಹುದು, ಬೀಜ ಹತ್ತು ಶೇಕಡ ಏರಿದರೆ ವರ್ಷವೇ ಬದಲಾಗುತ್ತದೆ. ಮೂರು ಕಾಲಂಗಳ ನಡುವೆ ವ್ಯತ್ಯಾಸ ಇರಬೇಕಾದ್ದು ಇಂಥ ಮೂರು ನಾಲ್ಕು ಸಾಲುಗಳಲ್ಲಿ ಮಾತ್ರ. ಮಿಕ್ಕದ್ದೆಲ್ಲ ಅವುಗಳಿಂದ ತಾನಾಗಿ ಹುಟ್ಟಬೇಕು, ಇಲ್ಲವೇ ಮೂರರಲ್ಲೂ ಒಂದೇ ಆಗಿರಬೇಕು.

ಇನ್ನು ಕಿಲೋ ಪುಡಿಗೆ ಬೀಳುವ ಖರ್ಚು. ಬೀಜ ಹುರಿದಾಗ ನೀರಿನಂಶ ಹಾರಿ ತೂಕ ಇಳಿಯುತ್ತದೆ. ಎಷ್ಟು ಕಪ್ಪಗೆ ಹುರಿದರೆ ಅಷ್ಟು ಹೆಚ್ಚು ನಷ್ಟ. ಇಲ್ಲಿ 16 ಶೇಕಡ ಎಂದುಕೊಳ್ಳೋಣ. ಅಂದರೆ 100 ಕಿಲೋ ಬೀಜ ಹಾಕಿದರೆ 84 ಕಿಲೋ ಹುರಿದ ಕಾಫಿ ಸಿಗುತ್ತದೆ. ಬೀಜ ಕಿಲೋಗೆ ₹420 ಇದ್ದರೆ ಹುರಿದ ಕಾಫಿಗೆ ₹500 ಬಿತ್ತು. ಈ ಘಟಕದ ಪುಡಿಯಲ್ಲಿ 80 ಪಾಲು ಕಾಫಿ, 20 ಪಾಲು ಚಿಕೋರಿ. ಕಾಫಿಯ ಪಾಲಿಗೆ ₹400, ಕಿಲೋಗೆ ₹150ರ ಚಿಕೋರಿಯ ಪಾಲಿಗೆ ₹30, ಪಾಕೆಟ್ಟು ಮತ್ತು ಸಾಗಣೆಗೆ ₹25. ಒಟ್ಟು ₹455. ಅಂಗಡಿಯವರ ಕಮಿಷನ್ ಮತ್ತು ಜಿಎಸ್‌ಟಿ ಬಿಟ್ಟು ಘಟಕದ ಕೈಗೆ ಬರುವ ಬೆಲೆ ₹560. ಕಿಲೋಗೆ ₹105 ಉಳಿಯಿತು. ವರ್ಷಕ್ಕೆ 120 ಟನ್ ಮಾರಿದರೆ 126 ಲಕ್ಷ. ಅದರಲ್ಲಿ ಸಂಬಳ, ಬಾಡಿಗೆ, ಬಡ್ಡಿ, ವಿಮೆ ಎಂದು ಖಾಯಂ ಖರ್ಚು 90 ಲಕ್ಷ ಕಳೆದರೆ ಲಾಭ 36 ಲಕ್ಷ. ಇದು ನಡುವಿನ ಕಾಲಂ, ಅಂದರೆ ನಿರೀಕ್ಷೆ.

ಎಚ್ಚರಿಕೆಯ ಕಾಲಮ್ಮಿಗೆ ಬೀಜದ ಬೆಲೆ ಎಷ್ಟು ಹಾಕಬೇಕು? ಇಲ್ಲಿ ಮನಸ್ಸಿಗೆ ತೋಚಿದ್ದನ್ನು ಹಾಕಿದರೆ ಮೀಟಿಂಗಿನಲ್ಲಿ ಸಿಕ್ಕಿಬೀಳುತ್ತೀರಿ. ಘಟಕದ ಖರೀದಿ ಬಿಲ್ಲುಗಳ ಫೈಲೇ ಇದಕ್ಕೆ ಆಧಾರ. ಹಿಂದಿನ ಐದಾರು ವರ್ಷ ಬಜೆಟ್ಟಿನಲ್ಲಿ ಬರೆದ ಬೆಲೆ ಎಷ್ಟು, ನಿಜವಾಗಿ ಕೊಟ್ಟ ಸರಾಸರಿ ಎಷ್ಟು ಎಂದು ಪಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು. ಅದರಲ್ಲಿ ಅತ್ಯಂತ ಕೆಟ್ಟ ವರ್ಷವನ್ನು ಪಕ್ಕಕ್ಕಿಟ್ಟು, ಅದರ ನಂತರದ ಕೆಟ್ಟ ವರ್ಷದ ವ್ಯತ್ಯಾಸವನ್ನು ತೆಗೆದುಕೊಳ್ಳುವುದು ನನಗೆ ಸರಿ ಎನಿಸುತ್ತದೆ. ಅತ್ಯಂತ ಕೆಟ್ಟದ್ದನ್ನೇ ಹಾಕಿದರೆ ಹಾಳೆ ನೋಡಿದವರು "ಹೀಗೆಲ್ಲ ಆಗಲ್ಲ ಬಿಡಿ" ಎಂದು ಆ ಕಾಲಮ್ಮನ್ನೇ ಓದುವುದಿಲ್ಲ. ಎಚ್ಚರಿಕೆಯ ಕಾಲಂ ಪ್ರಳಯದ ಲೆಕ್ಕ ಅಲ್ಲ, ನಾಲ್ಕೈದು ವರ್ಷಕ್ಕೊಮ್ಮೆ ಬರಬಹುದಾದ ಕಷ್ಟದ ಲೆಕ್ಕ. ನಮ್ಮ ಘಟಕದಲ್ಲಿ ಆ ವ್ಯತ್ಯಾಸ ₹42 ಎಂದಿಟ್ಟುಕೊಳ್ಳೋಣ. ಬೆಲೆ ₹462 ಆಯಿತು.

ಈಗ ಆ ಒಂದು ಬದಲಾವಣೆಯ ಹಿಂದೆಯೇ ಉಳಿದವು ಹೋಗಬೇಕು. ಬೀಜ ₹462 ಆದರೆ ಹುರಿದ ಕಾಫಿ ₹550, ಪುಡಿಗೆ ತಗಲುವ ಖರ್ಚು ₹495. ಖರ್ಚು ₹40 ಏರಿತು. ಮಾರಾಟ ಬೆಲೆಯನ್ನೂ ₹40 ಏರಿಸಿಬಿಡೋಣ ಎಂದರೆ ಅಂಗಡಿಯಲ್ಲಿ ಪಕ್ಕದ ಶೆಲ್ಫಿನಲ್ಲಿರುವ ದೊಡ್ಡ ಬ್ರ್ಯಾಂಡು ಹಳೆಯ ಸ್ಟಾಕನ್ನು ಹಳೆಯ ಬೆಲೆಗೇ ಮಾರುತ್ತಿರುತ್ತದೆ. ಅರ್ಧ ಏರಿಸಬಹುದು, ಅಂದರೆ ₹580. ಅಷ್ಟು ಏರಿಸಿದ್ದಕ್ಕೇ ಕೆಲವರು ಅರ್ಧ ಕಿಲೋ ಪಾಕೆಟ್ಟಿನಿಂದ ಕಾಲು ಕಿಲೋಗೆ ಇಳಿಯುತ್ತಾರೆ, ಮಾರಾಟ 108 ಟನ್ನಿಗೆ ಬರುತ್ತದೆ. ಕಿಲೋಗೆ ಉಳಿಯುವುದು ₹85. ಅದನ್ನು 108 ಟನ್ನಿಗೆ ಗುಣಿಸಿದರೆ ಸುಮಾರು 92 ಲಕ್ಷ. ಖಾಯಂ ಖರ್ಚು 90 ಲಕ್ಷ ಕದಲದೆ ಕೂತಿದೆ. ಲಾಭ ಎರಡು ಲಕ್ಷಕ್ಕೂ ತುಸು ಕಡಿಮೆ.

0.9ರಿಂದ ಗುಣಿಸಿದ ಹಾಳೆಯಲ್ಲಿ ಇದೇ ಜಾಗದಲ್ಲಿ 32 ಲಕ್ಷ ಎಂದಿರುತ್ತಿತ್ತು. ಇಲ್ಲಿ ಬೀಜದ ಬೆಲೆ ಬದಲಾದದ್ದೂ ಹತ್ತು ಶೇಕಡ, ಮಾರಾಟ ಇಳಿದದ್ದೂ ಹತ್ತು ಶೇಕಡವೇ. ಆದರೆ ಅವು ಬಿದ್ದ ಜಾಗ ಬೇರೆ, ಖಾಯಂ ಖರ್ಚಿನ ಮೇಲೆ ಅವಕ್ಕೆ ಅಧಿಕಾರ ಇಲ್ಲ. ಮೂವತ್ತು ಲಕ್ಷದ ಈ ಅಂತರ ತೋರಿಸುವುದಕ್ಕೇ ಇಷ್ಟು ಕಷ್ಟಪಡುವುದು.

ಆಶಾದಾಯಕ ಕಾಲಮ್ಮಿನಲ್ಲಿ ಬೇರೆ ಥರದ ತಪ್ಪು ನುಸುಳುತ್ತದೆ. ಬೀಜ ಅಗ್ಗವಾಯಿತು, ಮಾರಾಟ ಹೆಚ್ಚಿತು, ಪುಡಿಯ ಬೆಲೆ ಮಾತ್ರ ಇದ್ದಲ್ಲೇ ಇತ್ತು ಎಂದು ಒಳ್ಳೆಯದನ್ನೆಲ್ಲ ಒಟ್ಟಿಗೆ ಸೇರಿಸಿಬಿಡುತ್ತಾರೆ. ನಮ್ಮ ಲೆಕ್ಕದಲ್ಲಿ ಬೀಜ ₹378ಕ್ಕೆ ಇಳಿದು, ಮಾರಾಟ 126 ಟನ್ ಆಗಿ, ಬೆಲೆ ₹560ರಲ್ಲೇ ನಿಂತರೆ ಲಾಭ 90 ಲಕ್ಷದ ಹತ್ತಿರ ಬರುತ್ತದೆ. ಆದರೆ ಬೀಜ ನಮಗೆ ಅಗ್ಗವಾದರೆ ಎದುರು ಬೀದಿಯವನಿಗೂ ಅಗ್ಗವೇ. ಅವನು ಬೆಲೆ ಇಳಿಸುತ್ತಾನೆ, ನಾವೂ ಇಳಿಸಬೇಕಾಗುತ್ತದೆ. ಆದ್ದರಿಂದ ₹545 ಹಾಕಿ, ಹೆಚ್ಚಿನ ಮಾಲಿಗೆ ಓವರ್‌ಟೈಮ್ ಎಂದು ಖಾಯಂ ಖರ್ಚಿಗೆ ಮೂರು ಲಕ್ಷ ಸೇರಿಸಿದರೆ ಲಾಭ 71 ಲಕ್ಷ. ಒಂದು ಕಾಲಮ್ಮಿನ ಸಾಲುಗಳೆಲ್ಲ ಒಂದೇ ವರ್ಷದಲ್ಲಿ ಒಟ್ಟಿಗೆ ನಡೆಯುವಂಥವೇ ಎಂದು ಪರೀಕ್ಷಿಸಲು ಸುಲಭದ ದಾರಿ ಇದೆ. ಮೇಲಿನಿಂದ ಕೆಳಕ್ಕೆ ಅದನ್ನು ಕಥೆಯಾಗಿ ಗಟ್ಟಿಯಾಗಿ ಹೇಳಿ ನೋಡಬೇಕು. "ಬೀಜ ಇಳಿಯಿತು, ಆದರೂ ಯಾರೂ ಬೆಲೆ ಇಳಿಸಲಿಲ್ಲ" ಎನ್ನುವಾಗ ಹೇಳುವವರಿಗೇ ನಗು ಬರುತ್ತದೆ.

ಎಲ್ಲ ಸೇರಿ ಹಾಳೆ ಹೀಗಾಯಿತು.

| | ಕಳೆದ ವರ್ಷ | ಎಚ್ಚರಿಕೆ | ನಿರೀಕ್ಷೆ | ಆಶಾದಾಯಕ |
|---|---|---|---|---|
| ಬೀಜದ ಬೆಲೆ (ಕಿಲೋಗೆ ₹) | 399 | 462 | 420 | 378 |
| ಪುಡಿ ಮಾರಾಟ (ಟನ್) | 116 | 108 | 120 | 126 |
| ಮಾರಾಟ ಬೆಲೆ (ಕಿಲೋಗೆ ₹) | 535 | 580 | 560 | 545 |
| ಪುಡಿಗೆ ತಗಲುವ ಖರ್ಚು (ಕಿಲೋಗೆ ₹) | 435 | 495 | 455 | 415 |
| ಒಟ್ಟು ಮಾರಾಟ (₹ ಲಕ್ಷ) | 621 | 626 | 672 | 687 |
| ಖಾಯಂ ಖರ್ಚು (₹ ಲಕ್ಷ) | 84 | 90 | 90 | 93 |
| ಲಾಭ (₹ ಲಕ್ಷ) | 32 | 2 | 36 | 71 |
| ಮೇ ಕೊನೆಗೆ ಕೈಯಲ್ಲುಳಿಯುವ ಹಣ (₹ ಲಕ್ಷ) | – | −18 | 10 | 26 |

ಎಡ ತುದಿಯಲ್ಲಿ ಕಳೆದ ವರ್ಷದ ನಿಜ ಅಂಕಿ ಇರಲೇಬೇಕು. ಅದಿಲ್ಲದಿದ್ದರೆ 120 ಟನ್ ಎಂಬುದು ಹೆಚ್ಚೋ ಕಡಿಮೆಯೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ 116 ಇದ್ದಾಗ ನಾಲ್ಕು ಟನ್ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳುತ್ತಾರೆ, ಕೇಳಬೇಕು ಕೂಡ. ಲಕ್ಷದಲ್ಲಿ ದಶಾಂಶ ಬಿಟ್ಟದ್ದೂ ಬೇಕೆಂದೇ. ಮುಂದಿನ ವರ್ಷದ ಲಾಭವನ್ನು 70.8 ಎಂದು ಬರೆದರೆ ಆ 0.8 ನಮಗೆ ನಿಜವಾಗಿ ಗೊತ್ತಿದೆ ಎಂದು ಸುಳ್ಳು ಹೇಳಿದಂತೆ.

ಒಟ್ಟು ಮಾರಾಟದ ಸಾಲನ್ನು ಇನ್ನೊಮ್ಮೆ ನೋಡಿ. 626, 672, 687. ಮೂರೂ ಹತ್ತಿರ ಹತ್ತಿರವೇ ಇವೆ. ಎಚ್ಚರಿಕೆಯ ವರ್ಷದಲ್ಲೂ ವಹಿವಾಟು ಕಳೆದ ವರ್ಷಕ್ಕಿಂತ ಐದು ಲಕ್ಷ ಹೆಚ್ಚೇ ಇದೆ. ಪ್ರತಿ ತಿಂಗಳೂ ಮಾರಾಟದ ಅಂಕಿಯನ್ನಷ್ಟೇ ನೋಡುವ ಅಭ್ಯಾಸದ ಮಾಲೀಕನಿಗೆ ವರ್ಷ ಕೆಡುತ್ತಿರುವುದು ಕಾಣುವುದೇ ಇಲ್ಲ. ಕೆಟ್ಟಿರುವುದು ಕಿಲೋಗೆ ಉಳಿಯುವ ಹಣದಲ್ಲಿ, ಅದು ₹105ರಿಂದ ₹85ಕ್ಕೆ ಬಂದಿದೆ. ಮೂರು ಲೆಕ್ಕ ಮೂರು ಬೇರೆ ಹಾಳೆಗಳಲ್ಲಿದ್ದರೆ ಇದು ಕಣ್ಣಿಗೆ ಬೀಳುವುದು ಕಷ್ಟ. ಹಾಳೆ ತಿರುವುವಷ್ಟರಲ್ಲಿ ಹಿಂದಿನ ಅಂಕಿ ಮರೆತಿರುತ್ತದೆ.

ಕೊನೆಯ ಸಾಲಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಹಳ ಬಜೆಟ್‌ಗಳಲ್ಲಿ ಆ ಸಾಲೇ ಇರುವುದಿಲ್ಲ. ರೋಬಸ್ಟಾ ಕುಯ್ಲು ಮುಗಿದು, ಕಣದಲ್ಲಿ ಒಣಗಿ, ಮಾರಾಟಕ್ಕೆ ಬರುವುದು ಬೇಸಗೆಯಲ್ಲಿ. ಮಳೆ ಹಿಡಿದ ಮೇಲೆ ಬೀಜಕ್ಕೆ ತೇವ ಏರುವ ಭಯ. ಆದ್ದರಿಂದ ಈ ಘಟಕ ವರ್ಷಕ್ಕೆ ಬೇಕಾದ ಬೀಜದ ಮೂರನೇ ಒಂದು ಪಾಲನ್ನು ಏಪ್ರಿಲ್ ಮೇ ತಿಂಗಳಲ್ಲೇ ಕೊಂಡು ಗೋದಾಮಿಗೆ ಹಾಕುತ್ತದೆ. ವರ್ಷಕ್ಕೆ ಬೇಕಾದ್ದು ಸುಮಾರು 114 ಟನ್. ಅದರ ಮೂರನೇ ಒಂದು ಪಾಲಿಗೆ, ₹420ರ ದರದಲ್ಲಿ, 160 ಲಕ್ಷ ಬೇಕು. ಏಪ್ರಿಲ್ 1ಕ್ಕೆ ಕೈಯಲ್ಲಿ 40 ಲಕ್ಷ ಇದೆ, ಬ್ಯಾಂಕಿನ ಓ.ಡಿ. ಮಿತಿ 130 ಲಕ್ಷ. ದಿನನಿತ್ಯದ ಖರ್ಚು ದಿನನಿತ್ಯದ ವಸೂಲಿಯಲ್ಲಿ ಸರಿಹೋಗುತ್ತದೆ ಎಂದುಕೊಂಡರೆ ಮೇ ಕೊನೆಗೆ ಹತ್ತು ಲಕ್ಷ ಉಳಿಯುತ್ತದೆ.

ಬೀಜ ₹462 ಆದರೆ ಅಷ್ಟೇ ಬೀಜಕ್ಕೆ 176 ಲಕ್ಷ ಬೇಕು. ಮಾರಾಟ ಇಳಿಯುವುದು ಆಮೇಲೆ ತಿಳಿಯುವ ಸಂಗತಿ, ಖರೀದಿಯ ಹೊತ್ತಿಗೆ ಯಾರಿಗೂ ಅದು ಗೊತ್ತಿರುವುದಿಲ್ಲ. ಹಾಗಾಗಿ ಕೊಳ್ಳುವ ತೂಕ ನಿರೀಕ್ಷೆಯ ಲೆಕ್ಕದ್ದೇ. ಜೊತೆಗೆ ಬೆಲೆ ಏರಿದ ವರ್ಷ ಅಂಗಡಿಯವರೂ ಹಣ ಎಳೆದಾಡುತ್ತಾರೆ. ವಸೂಲಿ ಒಂದೇ ಒಂದು ವಾರ ತಡವಾದರೆ 12 ಲಕ್ಷ ನಿಂತುಹೋಗುತ್ತದೆ. ಎರಡೂ ಸೇರಿ ಓ.ಡಿ. ಮಿತಿಯನ್ನೂ ದಾಟಿ 18 ಲಕ್ಷ ಕೊರತೆ. ಅಂದರೆ ಲಾಭದ ಸಾಲಿನಲ್ಲಿ ಹೇಗೋ ಎರಡು ಲಕ್ಷ ತೋರಿಸುವ ವರ್ಷದಲ್ಲೇ, ಆರಂಭವಾಗಿ ಎರಡು ತಿಂಗಳಾಗುವಷ್ಟರಲ್ಲಿ ಬೀಜದ ವ್ಯಾಪಾರಿಗೆ ಕೊಟ್ಟ ಚೆಕ್ ಬೌನ್ಸ್ ಆಗಬಹುದು. ವರ್ಷದ ಲಾಭ ಮಾರ್ಚ್‌ನಲ್ಲಿ ತಿಳಿಯುತ್ತದೆ, ಚೆಕ್ ಮೇ ತಿಂಗಳಲ್ಲೇ ಬರುತ್ತದೆ. ಆದ್ದರಿಂದ ವರ್ಷಾಂತ್ಯದ ಬ್ಯಾಂಕ್ ಬ್ಯಾಲೆನ್ಸ್ ಬದಲು, ವರ್ಷದಲ್ಲಿ ಹಣ ಅತಿ ಕಡಿಮೆ ಇರುವ ತಿಂಗಳ ಬ್ಯಾಲೆನ್ಸನ್ನು ಹಾಳೆಯಲ್ಲಿ ತೋರಿಸಬೇಕು.

ಇಷ್ಟನ್ನು ಎಕ್ಸೆಲ್‌ನಲ್ಲಿ ಕಟ್ಟುವುದು ಕಷ್ಟವಿಲ್ಲ. ಅದರಲ್ಲಿ Scenario Manager ಎಂಬ ಸೌಲಭ್ಯ ಇದೆ, ಮೂರು ಸಂದರ್ಭಗಳ ಸಾರಾಂಶವನ್ನೂ ಅದೇ ಮಾಡಿಕೊಡುತ್ತದೆ. ಆದರೆ ಆ ಸಾರಾಂಶದ ಹಾಳೆ ಒಮ್ಮೆ ತಯಾರಾದ ಮೇಲೆ ಮೂಲದ ಅಂಕಿ ಬದಲಿಸಿದರೂ ತಾನಾಗಿ ಬದಲಾಗುವುದಿಲ್ಲ. ಮೀಟಿಂಗಿಗೆ ಮುಂಚಿನ ರಾತ್ರಿ ಬೆಲೆಯೊಂದನ್ನು ತಿದ್ದಿ, ಸಾರಾಂಶ ಹಳೆಯದೇ ಉಳಿದು, ಎರಡು ಹಾಳೆ ಎರಡು ಮಾತು ಹೇಳುವ ಪೇಚು ಇಲ್ಲಿಂದಲೇ ಬರುತ್ತದೆ. ಅದಕ್ಕಿಂತ ಮೂರು ಕಾಲಂ ಪಕ್ಕಪಕ್ಕದಲ್ಲಿಟ್ಟು, ಮೂರಕ್ಕೂ ಒಂದೇ ಸೂತ್ರ ಹಾಕುವುದು ಮೇಲು. ಎಚ್ಚರಿಕೆ C, ನಿರೀಕ್ಷೆ D, ಆಶಾದಾಯಕ E ಕಾಲಂ ಎಂದುಕೊಳ್ಳಿ, ಬೀಜದ ಬೆಲೆ ಐದನೇ ಸಾಲಿನಲ್ಲಿದೆ. ಮೂರಕ್ಕೂ ಸಮಾನವಾದ ಅಂಕಿಗಳು ಪಕ್ಕದ H ಕಾಲಮ್ಮಿನಲ್ಲಿವೆ. H1ರಲ್ಲಿ ಹುರಿದ ಮೇಲೆ ಉಳಿಯುವ ಪಾಲು 0.84, H2ರಲ್ಲಿ ಕಾಫಿಯ ಪಾಲು 0.8, H3ರಲ್ಲಿ ಚಿಕೋರಿಯ ಬೆಲೆ 150, H4ರಲ್ಲಿ ಪಾಕೆಟ್ಟು ಮತ್ತು ಸಾಗಣೆ 25. ಕಿಲೋ ಪುಡಿಗೆ ತಗಲುವ ಖರ್ಚಿನ ಸೂತ್ರ ಇಷ್ಟು:

```
=C5/$H$1*$H$2+$H$3*(1-$H$2)+$H$4
```

ಇದನ್ನು C ಕಾಲಮ್ಮಿನಲ್ಲಿ ಬರೆದು D, E ಕಾಲಮ್ಮಿಗೆ ಎಳೆದರೆ ಆಯಿತು. ಡಾಲರ್ ಚಿಹ್ನೆ ಇರುವ ಕೋಶಗಳು ಎಳೆದರೂ ಕದಲುವುದಿಲ್ಲ, C5 ಮಾತ್ರ D5, E5 ಆಗುತ್ತದೆ. ಕೈಯಿಂದ ತುಂಬುವ ಕೋಶಗಳಿಗೆ ಒಂದು ಬಣ್ಣ ಕೊಟ್ಟರೆ ಯಾವುದು ಊಹೆ, ಯಾವುದು ಲೆಕ್ಕ ಎಂದು ನೋಡಿದ ತಕ್ಷಣ ತಿಳಿಯುತ್ತದೆ. ಯಾರೋ ಅವಸರದಲ್ಲಿ ಸೂತ್ರದ ಮೇಲೆಯೇ ಅಂಕಿ ಟೈಪ್ ಮಾಡಿಬಿಟ್ಟಿರುವುದು ಈ ಹಾಳೆಗಳಿಗೆ ಮಾಮೂಲಿ ರೋಗ. Ctrl+` ಒತ್ತಿದರೆ ಎಲ್ಲ ಕೋಶಗಳ ಸೂತ್ರವೂ ಕಾಣುತ್ತದೆ. ಒಂದು ಸಾಲಿನಲ್ಲಿ ಎರಡು ಕಡೆ ಸೂತ್ರ, ಒಂದು ಕಡೆ ಬರೀ ಅಂಕಿ ಇದ್ದರೆ ತಪ್ಪು ಅಲ್ಲೇ ಇದೆ.

ಹಾಳೆಯ ಅಡಿಯಲ್ಲಿ ಇನ್ನೊಂದು ಅಂಕಿಗೆ ಜಾಗ ಕೊಡುವುದು ಒಳ್ಳೆಯದು. ಉಳಿದೆಲ್ಲ ನಿರೀಕ್ಷೆಯಂತೆಯೇ ಇದ್ದು, ಮಾರಾಟ ಬೆಲೆಯನ್ನೂ ಏರಿಸದಿದ್ದರೆ, ಬೀಜ ಎಷ್ಟಾದಾಗ ಲಾಭ ಸೊನ್ನೆಗೆ ಬರುತ್ತದೆ ಎಂಬುದು. ಎಕ್ಸೆಲ್‌ನ Goal Seek ಇದನ್ನು ಹುಡುಕಿಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಅದು ₹451ರ ಆಸುಪಾಸು. ಎಚ್ಚರಿಕೆಯ ಕಾಲಮ್ಮನ್ನು ಮೀರಿದ ಆಘಾತಕ್ಕೂ ಇದು ಉತ್ತರ ಕೊಡುತ್ತದೆ. 2024ರಂಥ ಏರಿಕೆ ಮತ್ತೆ ಬಂದರೆ ಏನು ಎಂದು ಕೇಳುವವರಿಗೆ ನಾಲ್ಕನೇ ಕಾಲಂ ಬೇಕಿಲ್ಲ. ₹451 ದಾಟಿದ ದಿನದಿಂದ ಬೆಲೆ ಏರಿಸದೆ ಮಾರುವ ಪ್ರತಿ ಕಿಲೋ ಖಾಯಂ ಖರ್ಚನ್ನು ಪೂರ್ತಿ ಹೊರಲಾರದು ಎಂದರೆ ಸಾಕು.

ಇನ್ನು ಮೀಟಿಂಗ್. ಹಾಳೆ ಕೈಗೆ ಬಂದೊಡನೆ ಎಲ್ಲರ ಕಣ್ಣೂ ಲಾಭದ ಸಾಲಿಗೆ ಹಾರುತ್ತದೆ, ಅಲ್ಲಿಂದ ನೇರ ಬಲ ತುದಿಗೆ. 71 ಕಂಡ ಕೂಡಲೇ ಹೊಸ ಗ್ರೈಂಡರ್, ಹೊಸ ವ್ಯಾನು ಎಂದು ಮಾತು ಹೊರಡುತ್ತದೆ. ಇದನ್ನು ತಡೆಯುವುದಕ್ಕೆ ಮೇಲಿನ ಮೂರು ಸಾಲಿನಿಂದಲೇ ಮಾತು ಶುರು ಮಾಡಬೇಕು. ಬೀಜದ ಬೆಲೆ, ತೂಕ, ಮಾರಾಟ ಬೆಲೆ ಈ ಒಂಬತ್ತು ಅಂಕಿಗಳ ಬಗ್ಗೆ ಜಗಳ ಆಗಲಿ. ಅದು ಒಪ್ಪಿಗೆಯಾದರೆ ಕೆಳಗಿನದ್ದರ ಬಗ್ಗೆ ಜಗಳಕ್ಕೆ ಏನೂ ಉಳಿಯುವುದಿಲ್ಲ, ಅದು ಬರೀ ಗುಣಾಕಾರ.

ಅಷ್ಟಾದರೂ ಒಂದು ಪ್ರಶ್ನೆ ಖಂಡಿತ ಬರುತ್ತದೆ. ಎಚ್ಚರಿಕೆಯ ಕಾಲಂ ನೋಡಿ ತಮ್ಮ ಕೇಳುತ್ತಾನೆ, "ಅಣ್ಣ, ಚಿಕೋರಿ ಮೂವತ್ತು ಮಾಡಿದ್ರೆ ಮುಗೀತಲ್ಲ? ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋಬೇಕು?"

ಲೆಕ್ಕದಲ್ಲಿ ಅವನು ಹೇಳುವುದು ಸರಿಯೇ. ಹುರಿದ ಕಾಫಿ ₹550, ಚಿಕೋರಿ ₹150. ಹತ್ತು ಪಾಲು ಕಾಫಿ ತೆಗೆದು ಹತ್ತು ಪಾಲು ಚಿಕೋರಿ ಹಾಕಿದರೆ ಕಿಲೋಗೆ ₹40 ಉಳಿಯುತ್ತದೆ. 108 ಟನ್ನಿಗೆ 43 ಲಕ್ಷ. ಎರಡು ಲಕ್ಷದ ಲಾಭ 45 ಆಗಿಬಿಡುತ್ತದೆ. ಕಾನೂನಿಗೂ ಅಡ್ಡಿಯಿಲ್ಲ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಶೇಕಡಕ್ಕಿಂತ ಕಡಿಮೆ ಇರಬಾರದು ಮತ್ತು ಎರಡರ ಪ್ರಮಾಣವನ್ನೂ ಪಾಕೆಟ್ಟಿನ ಮೇಲೆ ಮುದ್ರಿಸಬೇಕು ಎಂಬುದಷ್ಟೇ ನಿಯಮ.

ಅಕೌಂಟೆಂಟ್ ಆದವರು ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. "ಸಾರ್, ಅದು ನಾವು ಮಾಡೋ ತೀರ್ಮಾನ. ಇದು ನಮ್ಮ ಮೇಲೆ ಬೀಳೋದು. ಎರಡನ್ನೂ ಒಂದೇ ಕಾಲಮ್ಮಿಗೆ ಹಾಕಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ." ಚಿಕೋರಿಯನ್ನು ಎಚ್ಚರಿಕೆಯ ಕಾಲಮ್ಮಿನೊಳಗೇ ಸೇರಿಸಿಬಿಟ್ಟರೆ ಆ ಕಾಲಮ್ಮಿನ ಲಾಭ ನಿರೀಕ್ಷೆಗಿಂತಲೂ ಹೆಚ್ಚಾಗುತ್ತದೆ. ಬೀಜ ದುಬಾರಿಯಾದರೆ ನಮಗೇ ಒಳ್ಳೆಯದು ಎಂಬ ವಿಚಿತ್ರ ಹಾಳೆ ತಯಾರಾಗುತ್ತದೆ! ಅದಕ್ಕೆ ಚಿಕೋರಿಯ ಮಾತನ್ನು ಕೋಷ್ಟಕದ ಕೆಳಗೆ, ಬೇರೆ ಸಾಲಾಗಿ, ಅದರ ಖರ್ಚಿನ ಸಮೇತ ಬರೆಯಬೇಕು. ಗೋದಾಮಿನಲ್ಲಿ 80:20 ಎಂದು ಮುದ್ರಿಸಿಟ್ಟ ಪಾಕೆಟ್ಟಿನ ರೋಲುಗಳು ವ್ಯರ್ಥವಾಗುತ್ತವೆ. ರುಚಿ ಬದಲಾದದ್ದು ಹೋಟೆಲಿನವರಿಗೆ ಮೊದಲ ಡಿಕಾಕ್ಷನ್‌ನಲ್ಲೇ ಗೊತ್ತಾಗುತ್ತದೆ. ಆಗ 108 ಟನ್ ಎಂಬುದೂ ಉಳಿಯುತ್ತದೋ ಇಲ್ಲವೋ.

ಹಾಗಾದರೆ ಮಾರಾಟ ಬೆಲೆ ಏರಿಸುವುದೂ ನಮ್ಮ ತೀರ್ಮಾನವೇ ಅಲ್ಲವೆ, ಅದನ್ನೇಕೆ ಕಾಲಮ್ಮಿನೊಳಗೆ ಹಾಕಿದಿರಿ ಎಂದು ಅಕ್ಕ ಕೇಳಬಹುದು. ಸರಿಯಾದ ಪ್ರಶ್ನೆ. ಅರ್ಧ ನಮ್ಮದು, ಅರ್ಧ ಪೇಟೆಯದು ಎಂಬುದೇ ಇದಕ್ಕೆ ಪ್ರಾಮಾಣಿಕ ಉತ್ತರ. ಎಲ್ಲರೂ ಏರಿಸುವಷ್ಟನ್ನು ನಾವೂ ಏರಿಸುತ್ತೇವೆ ಎಂದು ಕಾಲಮ್ಮಿನಲ್ಲಿ ಬರೆದು, ಅದಕ್ಕಿಂತ ಹೆಚ್ಚು ಏರಿಸುವ ಯೋಚನೆ ಇದ್ದರೆ ಅದನ್ನು ಕೆಳಗಿನ ತೀರ್ಮಾನಗಳ ಜೊತೆ ಇಡಬೇಕು. ಗೆರೆ ಸ್ವಲ್ಪ ಮಸುಕಾಗಿದೆ, ನಿಜ. ಎಲ್ಲಿ ಎಳೆದಿದ್ದೇವೆ ಎಂದು ಹಾಳೆಯ ಮೇಲೆ ಒಂದು ಸಾಲಿನಲ್ಲಿ ಬರೆದಿಟ್ಟರೆ ತಕರಾರು ಬೆಳೆಯುವುದಿಲ್ಲ.

ಯಾವ ಕಾಲಂ ನಿಜವಾಗುವ ಸಂಭವ ಎಷ್ಟು ಎಂದೂ ಕೇಳುತ್ತಾರೆ. 20, 60, 20 ಎಂದು ಶೇಕಡ ಬರೆದು, ಮೂರನ್ನೂ ತೂಗಿ ಒಂದು ಸರಾಸರಿ ಲಾಭ ತೆಗೆಯುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಮುಂದಿನ ಏಪ್ರಿಲ್‌ನ ಬೀಜದ ಬೆಲೆ ಊಹಿಸಲಾಗದವರು ಆ ಊಹೆ ತಪ್ಪುವ ಸಂಭವವನ್ನು ಶೇಕಡದಲ್ಲಿ ಹೇಗೆ ಹೇಳುತ್ತಾರೆ? ಮೂರು ಅಂಕಿಗಳನ್ನು ಕಷ್ಟಪಟ್ಟು ಬಿಡಿಸಿ ತೋರಿಸಿ, ಕೊನೆಗೆ ಮತ್ತೆ ಒಂದಾಗಿ ಕಲಸಿದರೆ ಕೈಗೆ ಬಂದದ್ದು ಹೋಯಿತು.

ಅದಕ್ಕಿಂತ ಉಪಯೋಗದ ಪ್ರಶ್ನೆ ಇದೆ. ಮೂರು ಕಾಲಮ್ಮಿನಲ್ಲಿ ಯಾವುದು ನಿಜವಾದರೂ ಮಾಡಬೇಕಾದ ಕೆಲಸ ಯಾವುದು? ನಮ್ಮ ಹಾಳೆಯಲ್ಲಿ ಅಂಥದ್ದು ಒಂದಿದೆ. ಓ.ಡಿ. ಮಿತಿಯನ್ನು 130ರಿಂದ 155 ಲಕ್ಷಕ್ಕೆ ಏರಿಸಿಕೊಡಿ ಎಂದು ಬ್ಯಾಂಕಿಗೆ ಈಗಲೇ ಅರ್ಜಿ ಹಾಕುವುದು. ಎಚ್ಚರಿಕೆಯ ವರ್ಷ ಬಂದರೆ ಮೈನಸ್ 18 ಹೋಗಿ ಪ್ಲಸ್ ಏಳು ಆಗುತ್ತದೆ. ಬರದಿದ್ದರೆ, ಬಳಸದ ಹಣಕ್ಕೆ ಬಡ್ಡಿ ಬೀಳುವುದಿಲ್ಲ, ಮಿತಿ ಏರಿಸಿದ ಶುಲ್ಕವಷ್ಟೇ ಖರ್ಚು. ಈ ಅರ್ಜಿಯನ್ನು ಮಾರ್ಚ್‌ನಲ್ಲಿ, ಮೂರು ಕಾಲಮ್ಮಿನ ಹಾಳೆ ಹಿಡಿದುಕೊಂಡು ಹೋಗಿ ಕೊಟ್ಟರೆ ಮ್ಯಾನೇಜರ್ ಕೂರಿಸಿ ಮಾತಾಡುತ್ತಾರೆ. ಮೇ ತಿಂಗಳಲ್ಲಿ, ಚೆಕ್ ಬೌನ್ಸ್ ಆಗುವ ಹಿಂದಿನ ದಿನ ಹೋದರೆ ಮಾತೇ ಬೇರೆ.

ಹೊಸ ಗ್ರೈಂಡರ್‌ನ ಕಥೆ ಇದಕ್ಕೆ ವಿರುದ್ಧ. ಹದಿನೈದು ಲಕ್ಷದ ಆ ಯಂತ್ರ ಆಶಾದಾಯಕ ವರ್ಷದಲ್ಲಿ ಬೇಕೇ ಬೇಕು, ನಿರೀಕ್ಷೆಯ ವರ್ಷದಲ್ಲಿ ಇದ್ದರೆ ಒಳ್ಳೆಯದು, ಎಚ್ಚರಿಕೆಯ ವರ್ಷದಲ್ಲಿ ಕೊಂಡರೆ ಕುತ್ತಿಗೆಗೆ ಬರುತ್ತದೆ. ಒಂದೊಂದು ಕಾಲಮ್ಮಿನಲ್ಲಿ ಒಂದೊಂದು ಉತ್ತರ ಬರುವ ಇಂಥ ತೀರ್ಮಾನವನ್ನು ಈ ಮೀಟಿಂಗಿನಲ್ಲಿ ಮಾಡಬಾರದು. ಯಾವ ಸೂಚನೆ ಕಂಡರೆ ಮಾಡುತ್ತೇವೆ ಎಂಬುದನ್ನಷ್ಟೇ ನಿರ್ಧರಿಸಬೇಕು. ಆ ಸೂಚನೆ ಲಾಭದ ಅಂಕಿ ಆಗಿರಬಾರದು, ಅದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಮೇಲಿನ ಮೂರು ಸಾಲುಗಳಲ್ಲಿ ಒಂದಾಗಿರಬೇಕು, ಪ್ರತಿ ತಿಂಗಳು ಬಿಲ್ಲು ನೋಡಿ ಹೇಳಬಹುದಾದದ್ದಾಗಿರಬೇಕು. ನಮ್ಮ ಘಟಕದ ಹಾಳೆಯ ಅಡಿಯಲ್ಲಿ ಅದು ಎರಡು ವಾಕ್ಯ. ಏಪ್ರಿಲ್ ಖರೀದಿಯ ಸರಾಸರಿ ₹440 ದಾಟಿದರೆ ಮೇ 15ರೊಳಗೆ ಅಂಗಡಿಗಳಿಗೆ ಹೊಸ ಬೆಲೆಪಟ್ಟಿ ಕಳಿಸುವುದು, ಗ್ರೈಂಡರ್ ಮಾತು ಮುಂದಿನ ವರ್ಷಕ್ಕೆ. ಸರಾಸರಿ ₹400ಕ್ಕಿಂತ ಕೆಳಗಿದ್ದು, ಜೂನ್ ಕೊನೆಗೆ ಮೂರು ತಿಂಗಳ ಮಾರಾಟ 31 ಟನ್ ದಾಟಿದ್ದರೆ ಗ್ರೈಂಡರ್‌ಗೆ ಆರ್ಡರ್ ಕೊಡುವುದು. ಎರಡರ ಮುಂದೆಯೂ ಅದನ್ನು ನೋಡಿ ಹೇಳಬೇಕಾದವರ ಹೆಸರು ಇರಬೇಕು. ಇಲ್ಲಿ ಬೀಜದ ಖರೀದಿ ನೋಡಿಕೊಳ್ಳುವುದು ಅಕ್ಕ, ಆದ್ದರಿಂದ ಮೊದಲನೆಯದರ ಮುಂದೆ ಅವರ ಹೆಸರು.

ಜುಲೈ ಮೊದಲ ವಾರ ಇದೇ ಹಾಳೆ ಮತ್ತೆ ಮೇಜಿನ ಮೇಲೆ ಬರುತ್ತದೆ. ಆಗ ಕಳೆದ ವರ್ಷದ ಕಾಲಮ್ಮಿನ ಪಕ್ಕ ಹೊಸದೊಂದು ಕಾಲಂ ಸೇರುತ್ತದೆ, ಏಪ್ರಿಲ್‌ನಿಂದ ಜೂನ್‌ವರೆಗಿನ ನಿಜ ಅಂಕಿ. ಮೂರು ಊಹೆಗಳನ್ನು ಮಾತ್ರ ಆಗ ತಿದ್ದಬಾರದು. ನಡೆದದ್ದಕ್ಕೆ ಹೊಂದುವ ಹಾಗೆ ನಿರೀಕ್ಷೆಯನ್ನು ಸದ್ದಿಲ್ಲದೆ ಸರಿಸುವ ಚಾಳಿ ಬಹಳ ಆಫೀಸುಗಳಲ್ಲಿದೆ. ಹಾಗೆ ಸರಿಸಿದರೆ ಮುಂದಿನ ಮಾರ್ಚ್‌ನಲ್ಲಿ ಎಚ್ಚರಿಕೆಯ ಕಾಲಮ್ಮಿಗೆ ₹42 ಸೇರಿಸಬೇಕೋ ₹60 ಸೇರಿಸಬೇಕೋ ಎಂದು ನೋಡಲು ಫೈಲಿನಲ್ಲಿ ಏನೂ ಸಿಗುವುದಿಲ್ಲ.